ಸೀರೆ ವಾಪಸ್, ಹಣ ವಾಪಸ್: ಆನ್‌ಲೈನ್ ಬಟ್ಟೆ ಅಂಗಡಿಯ ನಿಯಮ ಪುಟ ಬರೆಯುವ ಬಗೆ

ಆನ್‌ಲೈನ್ ಬಟ್ಟೆ ಅಂಗಡಿಯ ರಿಟರ್ನ್ ಪುಟವನ್ನು ಗಿರಾಕಿ ಓದುವುದು ಎರಡೇ ಹೊತ್ತಿನಲ್ಲಿ. ಮೊದಲನೆಯದು, ಸೀರೆಯೊಂದು ಇಷ್ಟವಾಗಿ, ದುಡ್ಡು ಕೊಡುವ ಬಟನ್ ಒತ್ತುವ ಮುಂಚೆ. ಎರಡನೆಯದು, ಪೊಟ್ಟಣ ಬಿಚ್ಚಿ ನೋಡಿ ಮುಖ ಸಪ್ಪಗಾದ ಮೇಲೆ. ಮೊದಲ ಸಲ ಓದುವವರಿಗೆ ‘ಸರಿಹೋಗದಿದ್ದರೆ ವಾಪಸ್ ತಗೊಳ್ತಾರಾ’ ಎಂಬುದಷ್ಟೇ ಬೇಕು. ಎರಡನೆಯ ಸಲ ಓದುವವರು ಮೂರು ವಿಷಯ ಹುಡುಕುತ್ತಾರೆ: ಬಟ್ಟೆ ಕಳಿಸುವುದು ಹೇಗೆ, ಅದರ ಖರ್ಚು ಯಾರದು, ಹಣ ಕೈಸೇರುವುದು ಎಂದು. ಇಷ್ಟಕ್ಕೆ ಉತ್ತರ ಸಿಗದಿದ್ದರೆ ಪುಟ ಎಷ್ಟೇ ಉದ್ದವಿದ್ದರೂ ಅವರು ನೇರವಾಗಿ ವಾಟ್ಸಾಪ್‌ಗೆ ಬರುತ್ತಾರೆ, ಅಲ್ಲಿಂದ ಜಗಳಕ್ಕೆ.

ಹೆಚ್ಚಿನ ಸಣ್ಣ ಅಂಗಡಿಗಳ ಪುಟದಲ್ಲಿ ಆ ಉತ್ತರ ಇಲ್ಲದಿರುವುದಕ್ಕೆ ಒಂದು ಸರಳ ಕಾರಣವಿದೆ. ವೆಬ್‌ಸೈಟ್‌ನಲ್ಲಿ ಕಾರ್ಡ್, ಯುಪಿಐ ಹಣ ಪಡೆಯಲು ಪೇಮೆಂಟ್ ಗೇಟ್‌ವೇ ಕಂಪನಿಯ ಒಪ್ಪಿಗೆ ಬೇಕು. ರೀಫಂಡ್, ಶಿಪ್ಪಿಂಗ್, ಸಂಪರ್ಕದ ಪುಟಗಳಿಲ್ಲದೆ ಆ ಕಂಪನಿಗಳು ಸಾಮಾನ್ಯವಾಗಿ ಖಾತೆ ಚಾಲೂ ಮಾಡುವುದಿಲ್ಲ. ಹಾಗಾಗಿ ಅಂಗಡಿ ತೆರೆಯುವ ಹಿಂದಿನ ರಾತ್ರಿ ಬೇರೆ ಯಾವುದೋ ಸೈಟಿನಿಂದ ಪುಟ ಎತ್ತಿ, ಹೆಸರು ಬದಲಿಸಿ ಅಂಟಿಸಲಾಗುತ್ತದೆ. ಇಳಕಲ್ ಸೀರೆ ಮಾರುವ ಅಂಗಡಿಯ ಪುಟದಲ್ಲಿ ಬೂಟಿನ ಪೆಟ್ಟಿಗೆ ಹಾಳಾಗಿರಬಾರದು ಎಂಬ ಷರತ್ತು ಕಾಣಿಸಿಕೊಳ್ಳುವುದು ಹೀಗೆ.

ಪುಟ ಬರೆಯಲು ಕುಳಿತವರು ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಬಟ್ಟೆ ವಾಪಸ್ ಬರುವುದು ಎರಡು ಬಗೆಯ ಕಾರಣಕ್ಕೆ. ಒಂದು, ಅಂಗಡಿಯ ಕಡೆಯ ತಪ್ಪು: ಸೀರೆ ಹರಿದಿದೆ, ಕಲೆಯಾಗಿದೆ, ಕೇಳಿದ್ದು ಹಸಿರು ಬಂದದ್ದು ನೀಲಿ, ಚಿತ್ರದ ಕೆಳಗೆ ರೇಷ್ಮೆ ಎಂದಿದ್ದುದು ಪಾಲಿಯೆಸ್ಟರ್, ಅಥವಾ ಹೇಳಿದ ದಿನ ದಾಟಿ ಬಂತು. ಇನ್ನೊಂದು, ಗಿರಾಕಿಯ ಮನಸ್ಸು: ಅಳತೆ ಕೂಡಲಿಲ್ಲ, ಬಣ್ಣ ಒಪ್ಪಲಿಲ್ಲ, ಮನೆಯವರು ಬೇಡ ಎಂದರು. ಇವೆರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದ ಪುಟ ಓದುಗರನ್ನು ಗೊಂದಲಕ್ಕೆ ಕೆಡವುತ್ತದೆ. ಕಾನೂನಿನ ಪ್ರಕಾರವೂ ಅದು ನಿಲ್ಲದಿರಬಹುದು.

ಭಾರತದಲ್ಲಿ ಈ ಎರಡಕ್ಕೂ ಕಾನೂನು ಬೇರೆ ಬೇರೆ ಸ್ಥಾನ ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈಯಲ್ಲಿ ಇ-ಕಾಮರ್ಸ್ ನಿಯಮಗಳು ಹೊರಬಂದವು. ತನ್ನದೇ ಸರಕನ್ನು ತನ್ನದೇ ಸೈಟಿನಲ್ಲಿ ಮಾರುವ ಅಂಗಡಿ, ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಅಥವಾ ತಿಳಿಸಿದ ಅವಧಿ ಮೀರಿ ತಲುಪಿದ ಸರಕನ್ನು ವಾಪಸ್ ಪಡೆಯಲು, ಹಣ ಹಿಂತಿರುಗಿಸಲು ನಿರಾಕರಿಸುವಂತಿಲ್ಲ ಎಂದು ಅವು ಹೇಳುತ್ತವೆ. ಪ್ರಕೃತಿ ವಿಕೋಪದಂಥ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ದೋಷವಿರುವ ಸರಕಿನ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ ಕೊಡದಿರುವುದನ್ನು ಮೂಲ ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಎಂದು ಎಣಿಸುತ್ತದೆ. ಅಂದರೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಹಳೆಯ ಬಿಲ್‌ಪುಸ್ತಕದ ಸಾಲನ್ನು ಸೈಟಿಗೆ ತಂದು ಅಂಟಿಸಿದರೆ ಹರಿದ ಸೀರೆಯ ವಿಷಯದಲ್ಲಿ ಅದಕ್ಕೆ ಬೆಲೆಯಿಲ್ಲ. ‘ಸೇಲ್‌ನ ಬಟ್ಟೆಗೆ ರಿಟರ್ನ್ ಇಲ್ಲ’ ಎಂಬುದೂ ಹಾಗೆಯೇ. ರಿಯಾಯಿತಿ ಸಿಕ್ಕಿತು ಎಂಬ ಕಾರಣಕ್ಕೆ ತೂತು ಒಪ್ಪಿಕೊಂಡಂತೆ ಆಗುವುದಿಲ್ಲ.

ಮನಸ್ಸು ಬದಲಾದದ್ದರ ಕಥೆ ಬೇರೆ. ಜರ್ಮನಿ, ಫ್ರಾನ್ಸ್ ಸೇರಿದ ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನು ಕಾರಣವನ್ನೇ ಹೇಳದೆ 14 ದಿನದೊಳಗೆ ಬೇಡವೆನ್ನುವ ಹಕ್ಕು ಗಿರಾಕಿಗಿದೆ, ಬ್ರಿಟನ್ನಿನಲ್ಲೂ ಇದೆ. ಭಾರತದ ಕಾನೂನಿನಲ್ಲಿ ಅಂಥ ಹಕ್ಕಿಲ್ಲ. ಇಷ್ಟವಾಗಲಿಲ್ಲ ಎಂದು ಬಂದ ಬಟ್ಟೆಯನ್ನು ಪಡೆಯಬೇಕೇ, ಎಷ್ಟು ದಿನ, ಯಾರ ಖರ್ಚಿನಲ್ಲಿ ಎಂಬುದೆಲ್ಲ ಇಲ್ಲಿ ಅಂಗಡಿಯ ಆಯ್ಕೆ. ಆದರೆ ಆಯ್ಕೆ ಏನೇ ಇದ್ದರೂ ಕೊಳ್ಳುವ ಮುಂಚೆಯೇ ತಿಳಿಸಿರಬೇಕು. ವಾಪಸ್ ಕಳಿಸುವ ಖರ್ಚು ಯಾರದೆಂಬುದನ್ನು ಕಾಣುವಂತೆ ಹೇಳುವುದೂ ನಿಯಮದ ಭಾಗವೇ.

ಇದನ್ನೆಲ್ಲ ಒಂದು ಅಂಗಡಿಯ ಮೇಲೆ ಇಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಇಳಕಲ್‌ನಲ್ಲಿ ಗಂಡ-ಹೆಂಡತಿ ಸೇರಿ ನಡೆಸುವ ಒಂದು ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳೋಣ. ಕೈಮಗ್ಗದ ಇಳಕಲ್ ಸೀರೆ, ಜೊತೆಗೆ ಹತ್ತಿಯ ಕುರ್ತಿ ಮಾರುತ್ತಾರೆ. ಅವರ ಹಳೆಯ ಪುಟದಲ್ಲಿ ಇದ್ದ ಸಾಲು ಇದು: ‘ಸೂಕ್ತ ಪ್ರಕರಣಗಳಲ್ಲಿ, ಸಂಸ್ಥೆಯ ವಿವೇಚನೆಗೆ ಒಳಪಟ್ಟು ಮರುಪಾವತಿಯನ್ನು ಪರಿಗಣಿಸಲಾಗುವುದು.’ ಯಾವುದು ಸೂಕ್ತ, ಯಾರು ಪರಿಗಣಿಸುತ್ತಾರೆ, ಎಂದು, ಯಾವುದೂ ಇಲ್ಲ. ಕರ್ತರಿ ಇಲ್ಲದ ಕ್ರಿಯಾಪದ ಸರಕಾರಿ ಸುತ್ತೋಲೆಗೆ ಹಿಡಿಸಬಹುದು. ಅಂಗಡಿಯ ಪುಟದಲ್ಲಿ ಅದು ಜವಾಬ್ದಾರಿಯಿಂದ ಜಾರಿಕೊಳ್ಳುವ ದನಿಯಂತೆ ಕೇಳುತ್ತದೆ. ಅದೇ ಜಾಗದಲ್ಲಿ ಹೀಗೆ ಬರೆಯಬಹುದು: ‘ಹರಿದ, ಕಲೆಯಾದ ಅಥವಾ ತಪ್ಪಿ ಬಂದ ಬಟ್ಟೆಯನ್ನು ನಮ್ಮ ಖರ್ಚಿನಲ್ಲೇ ವಾಪಸ್ ತರಿಸಿಕೊಳ್ಳುತ್ತೇವೆ. ಡೆಲಿವರಿ ಚಾರ್ಜ್ ಸೇರಿ ನೀವು ಕೊಟ್ಟ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಸೈಜು ಕೂಡದಿದ್ದರೆ ಅಥವಾ ಇಷ್ಟವಾಗದಿದ್ದರೆ, ಬಟ್ಟೆ ಕೈಸೇರಿದ 7 ದಿನದೊಳಗೆ ತಿಳಿಸಿ. ಆಗ ವಾಪಸ್ ತರಿಸುವ ಖರ್ಚು 100 ರೂಪಾಯಿಯನ್ನು ನಿಮ್ಮ ಹಣದಲ್ಲಿ ಮುರಿದುಕೊಳ್ಳುತ್ತೇವೆ.’ ನಾವು, ನೀವು ಎಂಬ ಎರಡು ಪದ ಬಂದೊಡನೆ ಯಾರು ಏನು ಮಾಡಬೇಕೆಂಬುದು ತಾನೇ ತಿಳಿಯಾಗುತ್ತದೆ.

‘ದೋಷ’ ಎಂದರೇನು ಎಂದು ಈ ಅಂಗಡಿ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲಿಗೂ ಸೆರಗಿನ ಹಾಸು ನೂಲಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿ ಸೇರುವ ಜಾಗ ಕೈಗೆ ಸ್ವಲ್ಪ ಉಬ್ಬಾಗಿ ಸಿಗುತ್ತದೆ. ಇಳಕಲ್ ಉಟ್ಟು ಬೆಳೆದ ಬಾಗಲಕೋಟೆಯ ಹೆಂಗಸಿಗೆ ಅದು ಅಸಲಿ ಸೀರೆಯ ಗುರುತು. ಮೊದಲ ಸಲ ತರಿಸಿಕೊಂಡ ಮುಂಬಯಿಯ ಹುಡುಗಿಗೆ ನೇಯ್ಗೆಯ ತಪ್ಪು. ಹಾಗಾಗಿ ‘ಸೆರಗು ಸೇರುವಲ್ಲಿ ಕಾಣುವ ಕೊಂಡಿಯ ಸಾಲು, ಅಲ್ಲಲ್ಲಿ ಸಿಗುವ ಸಣ್ಣ ನೂಲಿನ ಗಂಟು ಕೈಮಗ್ಗದ ನೇಯ್ಗೆಯ ಸಹಜ ಲಕ್ಷಣ, ದೋಷವಲ್ಲ. ತೂತು, ಕಲೆ, ಹರಿದ ಎಳೆ, ಬಿಟ್ಟುಹೋದ ಕೊಂಡಿ ಇದ್ದರೆ ಅದು ದೋಷ’ ಎಂದು ಎರಡೂ ಕಡೆ ಹೇಳಬೇಕು. ಮೊದಲ ಅರ್ಧ ಮಾತ್ರ ಬರೆದು ಬಿಟ್ಟರೆ ಎಲ್ಲ ದೂರಿಗೂ ‘ಕೈಮಗ್ಗ ಅಂದ್ರೆ ಹಾಗೇ’ ಎಂದು ಕೈತೊಳೆದುಕೊಳ್ಳುವ ನೆಪವಾಗುತ್ತದೆ. ಕೊಂಡಿ ಕಾಣುವ ಹತ್ತಿರದ ಚಿತ್ರವೊಂದನ್ನು ಸೀರೆಯ ಪುಟದಲ್ಲೇ ಹಾಕಿದರೆ ಈ ಸಾಲಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಬಣ್ಣದ ವಿಷಯದಲ್ಲೂ ಹೀಗೇ: ಮೊಬೈಲ್ ಪರದೆಯಲ್ಲಿ ಒಂದು ಛಾಯೆ ಹೆಚ್ಚುಕಡಿಮೆ ಕಾಣುವುದು ಬೇರೆ, ಜಂಬುನೇರಳೆ ಎಂದು ತೋರಿಸಿ ಕೆಂಪು ಕಳಿಸುವುದು ಬೇರೆ.

ವಾಪಸ್ ಪಡೆಯುವಾಗ ಬಟ್ಟೆ ಯಾವ ಸ್ಥಿತಿಯಲ್ಲಿರಬೇಕು ಎಂಬ ಷರತ್ತು ಮನಸ್ಸು ಬದಲಾದವರಿಗೆ ಸಂಬಂಧಿಸಿದ್ದು. ‘ಬಳಸಿರಬಾರದು’ ಎಂದಷ್ಟೇ ಬರೆದರೆ ಒಮ್ಮೆ ಉಟ್ಟು ನೋಡುವುದೂ ಬಳಕೆಯೇ ಎಂಬ ಅನುಮಾನ ಉಳಿಯುತ್ತದೆ. ‘ಮನೆಯಲ್ಲಿ ಹಾಕಿ ನೋಡಬಹುದು. ಒಗೆದಿರಬಾರದು, ಸೆಂಟಿನ ವಾಸನೆ ಇರಬಾರದು, ಟ್ಯಾಗ್ ಕಿತ್ತಿರಬಾರದು. ಸೀರೆಗೆ ಫಾಲ್ ಹೊಲಿಸಿದ್ದರೆ, ರವಿಕೆ ಕಣ ಕತ್ತರಿಸಿದ್ದರೆ, ಕುಚ್ಚು ಕಟ್ಟಿಸಿದ್ದರೆ ವಾಪಸ್ ಪಡೆಯಲಾಗದು’ ಎಂದರೆ ಸೀರೆ ಉಡುವ ಯಾರಿಗೂ ಮತ್ತೆ ವಿವರಣೆ ಬೇಡ. ಅಳತೆ ಕೊಟ್ಟು ಹೊಲಿಸಿದ ರವಿಕೆಯನ್ನು ಇನ್ನೊಬ್ಬರಿಗೆ ಮಾರಲಾಗುವುದಿಲ್ಲ. ಅದಕ್ಕೆ ಮನಸ್ಸು ಬದಲಾದರೆ ರಿಟರ್ನ್ ಇಲ್ಲವೆಂದು ಹೇಳುವುದು ನ್ಯಾಯವೇ. ಆದರೆ ಕೊಟ್ಟ ಅಳತೆಗೆ ಹೊಲಿದಿಲ್ಲವಾದರೆ ಅದು ಅಂಗಡಿಯ ತಪ್ಪಿನ ಸಾಲಿಗೆ ಸೇರುತ್ತದೆ.

ಈಚೆಗೆ ಸಣ್ಣ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಷರತ್ತು ‘ಅನ್‌ಬಾಕ್ಸಿಂಗ್ ವಿಡಿಯೊ ಕಡ್ಡಾಯ, ಇಲ್ಲದಿದ್ದರೆ ದೂರು ಸ್ವೀಕರಿಸುವುದಿಲ್ಲ’ ಎಂಬುದು. ಹೊಸ ಸೀರೆ ತೆಗೆದುಕೊಂಡು ಹಳೆಯದನ್ನು ವಾಪಸ್ ಕಳಿಸುವವರಿಂದ ಪೆಟ್ಟು ತಿಂದ ಅಂಗಡಿಯವರು ಇದನ್ನು ಹಾಕುತ್ತಾರೆ. ಅವರ ಸಂಕಟ ನಿಜ. ಆದರೂ ದೋಷವಿರುವ ಸರಕನ್ನು ವಾಪಸ್ ಪಡೆಯಬೇಕೆಂಬ ನಿಯಮದಲ್ಲಿ ವಿಡಿಯೊ ಇದ್ದರೆ ಮಾತ್ರ ಎಂಬ ಮಾತಿಲ್ಲ, ಪೊಟ್ಟಣ ಬಿಚ್ಚುವ ವಿಡಿಯೊ ತೆಗೆಯಲು ಇನ್ನೊಂದು ಕೈ ಎಲ್ಲರ ಮನೆಯಲ್ಲೂ ಇರುವುದಿಲ್ಲ. ‘ಪೊಟ್ಟಣ ಬಿಚ್ಚುವಾಗ ವಿಡಿಯೊ ತೆಗೆದಿಟ್ಟುಕೊಂಡರೆ ದೂರು ಬೇಗ ಇತ್ಯರ್ಥವಾಗುತ್ತದೆ. ಇಲ್ಲದಿದ್ದರೆ ದೋಷದ ಎರಡು ಫೋಟೊ, ಪೊಟ್ಟಣದ ಮೇಲಿನ ವಿಳಾಸ ಚೀಟಿಯ ಒಂದು ಫೋಟೊ ಕಳಿಸಿ’ ಎಂದು ಬರೆಯುವುದು ಎರಡೂ ಕಡೆಯವರಿಗೆ ಕ್ಷೇಮ. ಕಳಿಸುವ ಮುಂಚೆ ಅಂಗಡಿಯವರೇ ಸೀರೆ ಬಿಚ್ಚಿ, ತೂಕ ಹಾಕಿ, ಪ್ಯಾಕ್ ಮಾಡುವ ವಿಡಿಯೊ ಇಟ್ಟುಕೊಂಡರೆ ಮೋಸಗಾರರ ವಿರುದ್ಧ ಅದೇ ಗಟ್ಟಿ ಸಾಕ್ಷಿ.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ದಿನಗಳ ಲೆಕ್ಕದಲ್ಲಿ. ‘7 ದಿನದಲ್ಲಿ ರೀಫಂಡ್’ ಎಂಬ ಸಾಲು ಎಂದಿನಿಂದ ಏಳು ಎಂದು ಹೇಳುವುದಿಲ್ಲ. ಮಂಗಳೂರಿನ ಗಿರಾಕಿಯೊಬ್ಬರು ಕುರ್ತಿ ವಾಪಸ್ ಬೇಕೆಂದು 1ನೇ ತಾರೀಖು ತಿಳಿಸುತ್ತಾರೆ. ಕೊರಿಯರ್‌ನವರು ಮನೆಗೆ ಬಂದು ಒಯ್ಯುವುದು 3ಕ್ಕೆ. ಇಳಕಲ್ ತಲುಪುವುದು 8ಕ್ಕೆ. ಅಂಗಡಿಯವರು ಬಿಚ್ಚಿ ಪರೀಕ್ಷಿಸಿ ಗೇಟ್‌ವೇಯಲ್ಲಿ ರೀಫಂಡ್ ಒತ್ತುವುದು 10ಕ್ಕೆ. ಕಾರ್ಡಿನಲ್ಲಿ ಕೊಟ್ಟ ಹಣ ಬ್ಯಾಂಕಿನ ಮೂಲಕ ಖಾತೆಗೆ ಬರಲು ಇನ್ನೂ ಐದರಿಂದ ಏಳು ಕೆಲಸದ ದಿನ. ಅಲ್ಲಿಗೆ 17ನೇ ತಾರೀಖೋ 19ನೇ ತಾರೀಖೋ ಆಗುತ್ತದೆ. ಅಂಗಡಿಯವರು ತಮ್ಮ ಪ್ರಕಾರ ಎರಡೇ ದಿನದಲ್ಲಿ ಕೆಲಸ ಮುಗಿಸಿದ್ದಾರೆ. ಗಿರಾಕಿಯ ಪ್ರಕಾರ ಮೂರನೆಯ ವಾರ ನಡೆಯುತ್ತಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವರ ಗಡಿಯಾರ ಬೇರೆ.

ಆದ್ದರಿಂದ ಪುಟದಲ್ಲಿ ಪ್ರತಿ ಅವಧಿಗೂ ಅದು ಶುರುವಾಗುವ ಘಟನೆಯನ್ನು ಜೋಡಿಸಬೇಕು: ‘ಬಟ್ಟೆ ನಮ್ಮನ್ನು ತಲುಪಿದ 2 ಕೆಲಸದ ದಿನದೊಳಗೆ ಪರೀಕ್ಷಿಸಿ ಹಣ ಬಿಡುಗಡೆ ಮಾಡುತ್ತೇವೆ, ಅಂದೇ ಮೆಸೇಜ್ ಕಳಿಸುತ್ತೇವೆ. ಅಲ್ಲಿಂದ ನಿಮ್ಮ ಖಾತೆಗೆ ಬರಲು ಬ್ಯಾಂಕಿಗೆ 5ರಿಂದ 7 ಕೆಲಸದ ದಿನ ಬೇಕಾಗಬಹುದು. ನೀವು ವಾಪಸ್ ಕೇಳಿದ ದಿನದಿಂದ ಒಟ್ಟು ಸುಮಾರು ಮೂರು ವಾರ.’ ಕೊನೆಯ ವಾಕ್ಯ ಬರೆಯಲು ಅಂಗಡಿಯವರ ಕೈ ಹಿಂಜರಿಯುತ್ತದೆ, ಮೂರು ವಾರ ಎಂದರೆ ಗಿರಾಕಿ ಓಡಿಹೋದಾರು ಎಂದು. ಆದರೆ ಗಿರಾಕಿ ಎಣಿಸುವುದು ಆ ಮೊತ್ತವನ್ನೇ. ‘ಕೆಲಸದ ದಿನ’ ಎಂದರೆ ಭಾನುವಾರ ಮತ್ತು ಸರಕಾರಿ ರಜೆ ಬಿಟ್ಟು ಎಂದು ಒಮ್ಮೆ ಹೇಳಿಬಿಡುವುದೂ ಒಳ್ಳೆಯದು. ದೋಷವಿರುವ ಬಟ್ಟೆಗೆ ದೂರು ಕೊಡುವ ಅವಧಿ ಉದ್ದವಾಗಿರಲಿ. ಮದುವೆಗೆಂದು ತಂದ ಸೀರೆಯನ್ನು ಬೀರುವಿನಲ್ಲಿಟ್ಟು ತಿಂಗಳ ಮೇಲೆ ಬಿಚ್ಚುವ ಮನೆಗಳು ನಮ್ಮಲ್ಲಿ ಬಹಳ.

ಹಣ ಎಷ್ಟು ಎಂಬುದಕ್ಕೂ ಇಂಥದೇ ಬಿಡಿಸಿದ ಲೆಕ್ಕ ಬೇಕು. ಅದೇ ಅಂಗಡಿಯಲ್ಲಿ 2,000 ರೂಪಾಯಿ ಮೇಲಿನ ಖರೀದಿಗೆ ಶೇ. 10 ರಿಯಾಯಿತಿ ಇದೆ. ಗಿರಾಕಿ 900, 900 ಮತ್ತು 700 ರೂಪಾಯಿಯ ಮೂರು ಕುರ್ತಿ ಕೊಂಡರು. ಒಟ್ಟು 2,500; ರಿಯಾಯಿತಿ 250 ಕಳೆದು ಕೊಟ್ಟದ್ದು 2,250. ಈಗ 900ರ ಒಂದು ಕುರ್ತಿ ಸೈಜು ಕೂಡದೆ ವಾಪಸ್ ಬಂತು. ರಿಯಾಯಿತಿಯನ್ನು ಮೂರೂ ಬಟ್ಟೆಗೆ ಹಂಚಿದರೆ ಆ ಕುರ್ತಿಗೆ ಗಿರಾಕಿ ಕೊಟ್ಟಿರುವುದು 810, ಅಷ್ಟು ವಾಪಸ್. ಆದರೆ ಉಳಿದ ಎರಡರ ಬೆಲೆ 1,600, ಅದಕ್ಕೆ ರಿಯಾಯಿತಿ ಸಲ್ಲದು ಎಂದು ಅಂಗಡಿ ಹೇಳಿದರೆ 2,250ರಲ್ಲಿ 1,600 ಕಳೆದು 650 ಮಾತ್ರ ವಾಪಸ್. ವ್ಯತ್ಯಾಸ 160 ರೂಪಾಯಿ. ವಾಪಸ್ ತರಿಸುವ 100 ರೂಪಾಯಿ ಎರಡರಲ್ಲೂ ಬೇರೆಯಾಗಿ ಮುರಿಯುತ್ತದೆ. ಎರಡು ಲೆಕ್ಕದಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ, ಆದರೆ ಪುಟದಲ್ಲಿ ಇಂಥದೊಂದು ಉದಾಹರಣೆಯನ್ನು ಅಂಕಿಗಳ ಸಮೇತ ಕೊಡಬೇಕು. ಮೊದಲ ಲೆಕ್ಕವೇ ಮೇಲು. ವಿವರಿಸಲು ಒಂದು ವಾಕ್ಯ ಸಾಕು, ಗಿರಾಕಿಗೆ ಮೋಸ ಹೋದಂತೆ ಅನಿಸುವುದಿಲ್ಲ. ಎರಡನೆಯದರಲ್ಲಿ ಉಳಿಯುವ ನೂರರವತ್ತು ರೂಪಾಯಿ ಒಂದು ಕೆಟ್ಟ ರಿವ್ಯೂಗೆ ಸಾಟಿಯಲ್ಲ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಹಣ ಕೊಟ್ಟವರಿಗೆ ಅದು ಹೋದ ದಾರಿಯಲ್ಲೇ ವಾಪಸ್ ಬರಲು ಸಾಧ್ಯವಿಲ್ಲ. ಕೊರಿಯರ್ ಹುಡುಗನ ಕೈಗೆ ಕೊಟ್ಟ ನೋಟು ಅದು. ಇವರಿಗೆ ಯುಪಿಐ ಐಡಿ ಅಥವಾ ಬ್ಯಾಂಕ್ ಖಾತೆಯ ವಿವರ ಕೇಳಬೇಕಾಗುತ್ತದೆ, ರೀಫಂಡ್ ಹೆಸರಿನ ವಂಚನೆ ನುಸುಳುವುದೂ ಇಲ್ಲೇ. ‘ನಾವು ಓಟಿಪಿ, ಪಿನ್ ಕೇಳುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ’ ಎಂಬ ಎರಡು ವಾಕ್ಯ ಪುಟದಲ್ಲಿರಬೇಕು. ಹಣದ ಬದಲು ಅಂಗಡಿಯ ಕ್ರೆಡಿಟ್ ಕೊಡುವುದಾದರೆ ಅದು ಎಷ್ಟು ಕಾಲ ಚಲಾವಣೆಯಲ್ಲಿರುತ್ತದೆ ಎಂದು ಹೇಳಬೇಕು. ದೋಷವಿರುವ ಬಟ್ಟೆಗೆ ಕ್ರೆಡಿಟ್ಟೇ ತೆಗೆದುಕೊಳ್ಳಿ ಎಂದು ಒತ್ತಾಯಿಸುವಂತಿಲ್ಲ, ಆಯ್ಕೆಯಾಗಿ ಮುಂದಿಡಬಹುದು ಅಷ್ಟೆ. ಸೈಜು ಬದಲಿಸಿ ಕೇಳಿದವರಿಗೆ ಆ ಸೈಜು ಮುಗಿದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬರೆಯುವುದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಶಿಪ್ಪಿಂಗ್ ಪುಟದಲ್ಲಿ ಮುಖ್ಯವಾದ ತೊಡಕು ಒಂದೇ: ರವಾನೆಯನ್ನೂ ತಲುಪುವಿಕೆಯನ್ನೂ ಒಂದೇ ಎಂಬಂತೆ ಬರೆಯುವುದು. ‘24 ಗಂಟೆಯಲ್ಲಿ ಶಿಪ್ ಆಗುತ್ತದೆ’ ಎಂದರೆ ನಾಳೆ ಮನೆಗೆ ಬರುತ್ತದೆ ಎಂದು ಓದುವವರು ಕಡಿಮೆಯಿಲ್ಲ. ‘ಮಧ್ಯಾಹ್ನ 12ರೊಳಗೆ ಬಂದ ಆರ್ಡರ್ ಅಂದೇ ಕೊರಿಯರ್‌ಗೆ ಹೋಗುತ್ತದೆ, ಆಮೇಲೆ ಬಂದದ್ದು ಮರುದಿನ. ಅಲ್ಲಿಂದ ಕರ್ನಾಟಕದೊಳಗೆ ಇಷ್ಟು ದಿನ, ಹೊರ ರಾಜ್ಯಕ್ಕೆ ಇಷ್ಟು’ ಎಂದು ಎರಡನ್ನೂ ಬೇರ್ಪಡಿಸಬೇಕು. ಕುಚ್ಚು ಕಟ್ಟಿಸುವ, ರವಿಕೆ ಹೊಲಿಸುವ ಆರ್ಡರಿಗೆ ಹೆಚ್ಚು ಬೇಕಾಗುವ ದಿನವನ್ನು ಆ ಆಯ್ಕೆಯ ಪಕ್ಕದಲ್ಲೇ ತೋರಿಸಬೇಕು, ಪುಟದ ತಳದಲ್ಲಲ್ಲ.

ಆ ‘ಇಷ್ಟು’ ಎಂಬಲ್ಲಿ ಯಾವ ಅಂಕಿ ಹಾಕಬೇಕು? ಕೊರಿಯರ್ ಕಂಪನಿಯ ಕರಪತ್ರದಲ್ಲಿರುವುದನ್ನಲ್ಲ. ಅಂಗಡಿಯ ಕಳೆದ ಐವತ್ತು ಆರ್ಡರ್‌ಗಳ ಟ್ರ್ಯಾಕಿಂಗ್ ತೆಗೆದು, ಪ್ರತಿಯೊಂದೂ ಎಷ್ಟನೇ ದಿನ ತಲುಪಿತೆಂದು ಏರಿಕೆಯ ಕ್ರಮದಲ್ಲಿ ಬರೆದುಕೊಳ್ಳಬೇಕು. ಸರಾಸರಿ ನಾಲ್ಕು ದಿನ ಎಂದು ಬಂದರೂ ನಾಲ್ಕು ಎಂದು ಬರೆಯಬಾರದು. ಹಾಗೆ ಬರೆದರೆ ಬಹಳಷ್ಟು ಗಿರಾಕಿಗಳ ಪಾಲಿಗೆ ಆ ಮಾತು ಸುಳ್ಳಾಗುತ್ತದೆ. ಪಟ್ಟಿಯಲ್ಲಿ 45ನೇ ಪೊಟ್ಟಣ ಎಷ್ಟನೇ ದಿನ ತಲುಪಿತೋ, ಏಳು ಎಂದುಕೊಳ್ಳೋಣ, ಅದನ್ನು ಬರೆಯಬೇಕು. ಆಗ ಹತ್ತರಲ್ಲಿ ಒಂಬತ್ತು ಮಂದಿಗೆ ಹೇಳಿದ ದಿನದೊಳಗೆ ಬರುತ್ತದೆ. ಇದಕ್ಕೆ ಕಾನೂನಿನ ಕಾರಣವೂ ಇದೆ: ಅಂಗಡಿ ತಾನೇ ಘೋಷಿಸಿದ ಅವಧಿ ಮೀರಿದರೆ ಗಿರಾಕಿಗೆ ವಾಪಸ್ ಮಾಡುವ ಹಕ್ಕು ಹುಟ್ಟುತ್ತದೆ. ಆಸೆಗೆ ಬಿದ್ದು ‘3 ದಿನ’ ಎಂದು ಬರೆದ ಅಂಗಡಿ, ಐದನೆಯ ದಿನ ತಲುಪಿದ ಒಳ್ಳೆಯ ಸೀರೆಯನ್ನೂ ತನ್ನ ಖರ್ಚಿನಲ್ಲಿ ವಾಪಸ್ ತರಿಸಬೇಕಾದೀತು.

ಡೆಲಿವರಿ ಚಾರ್ಜ್ ಮೊದಲೇ ಕಾಣಬೇಕು. ಸೀರೆ 1,850 ಎಂದು ತೋರಿಸಿ, ಕೊನೆಯ ಪುಟದಲ್ಲಿ ಡೆಲಿವರಿ 80, ಕ್ಯಾಶ್ ಆನ್ ಡೆಲಿವರಿಗೆ 50, ಪ್ಯಾಕಿಂಗಿಗೆ 20 ಎಂದು ಒಂದೊಂದಾಗಿ ಸೇರಿಸುವ ರೂಢಿಗೆ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯಲ್ಲಿ ಹೆಸರೇ ಇದೆ, ಡ್ರಿಪ್ ಪ್ರೈಸಿಂಗ್ ಎಂದು. ನಲ್ಲಿಯಿಂದ ತೊಟ್ಟಿಕ್ಕುವ ಹಾಗೆ ಬೆಲೆ ತೊಟ್ಟಿಕ್ಕುವುದು. ಆ ಮಾರ್ಗಸೂಚಿ ನಿಷೇಧಿಸಿದ 13 ಬಗೆಯಲ್ಲಿ ಅದೂ ಒಂದು.

ಕಳೆದುಹೋದ ಪೊಟ್ಟಣದ ಬಗ್ಗೆ ಪುಟಗಳು ಸಾಮಾನ್ಯವಾಗಿ ಮೌನ, ಇಲ್ಲವೇ ‘ಕೊರಿಯರ್‌ನ ತಪ್ಪಿಗೆ ನಾವು ಹೊಣೆಯಲ್ಲ’ ಎನ್ನುತ್ತವೆ. ಕೊರಿಯರ್‌ನವರನ್ನು ಆರಿಸಿದ್ದು, ಅವರಿಗೆ ದುಡ್ಡು ಕೊಟ್ಟದ್ದು ಅಂಗಡಿ. ಗಿರಾಕಿ ಅವರ ಮುಖ ನೋಡಿಲ್ಲ. ‘ಹೇಳಿದ ದಿನ ಕಳೆದು 5 ದಿನವಾದರೂ ಬರದಿದ್ದರೆ ತಿಳಿಸಿ, ಬೇರೆ ಸೀರೆ ಅಥವಾ ಪೂರ್ತಿ ಹಣ ಕೊಡುತ್ತೇವೆ, ಕೊರಿಯರ್ ಜೊತೆಗಿನ ವ್ಯವಹಾರ ನಮ್ಮದು’ ಎಂದು ಬರೆಯುವುದೇ ಸರಿ. ಪೊಟ್ಟಣದ ಅಂಟುಪಟ್ಟಿ ಮೊದಲೇ ಬಿಚ್ಚಿದಂತಿದ್ದರೆ ತೆಗೆದುಕೊಳ್ಳಬೇಡಿ ಎಂದೂ, ಬಾಗಿಲು ಹಾಕಿದ್ದರೆ ಕೊರಿಯರ್ ಎಷ್ಟು ಸಲ ಬರುತ್ತದೆ, ಆಮೇಲೆ ಏನಾಗುತ್ತದೆ ಎಂದೂ ಹೇಳಬೇಕು.

ದೂರು ಎಲ್ಲಿಗೆ ಎಂಬುದು ಪುಟದ ಕೊನೆಯಲ್ಲಿ ಬಂದರೆ ಸಾಕು, ಆದರೆ ಬರಲೇಬೇಕು. ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಫೋನು. ಇಬ್ಬರೇ ನಡೆಸುವ ಅಂಗಡಿಯಲ್ಲಿ ಅವರಲ್ಲೊಬ್ಬರೇ ಆ ಅಧಿಕಾರಿಯಾಗಬಹುದು. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದು ನಿಯಮವಿದೆ. ಅಲ್ಲಿಯೂ ಆಗದಿದ್ದರೆ ಗಿರಾಕಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ಗಿರಾಕಿ ತಾನು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ‘ಎಲ್ಲ ವ್ಯಾಜ್ಯಗಳೂ ಬಾಗಲಕೋಟೆಯ ನ್ಯಾಯಾಲಯದ ವ್ಯಾಪ್ತಿಗೆ’ ಎಂದು ಪುಟದಲ್ಲಿ ಬರೆದುಕೊಂಡಿದ್ದರೂ ದೆಹಲಿಯ ಗಿರಾಕಿಯ ದೂರಿಗೆ ದೆಹಲಿಯಲ್ಲೇ ಉತ್ತರಿಸಬೇಕಾಗಬಹುದು.

ಬರೆದು ಮುಗಿದ ಪುಟವನ್ನು ಪರೀಕ್ಷಿಸಲು ವಕೀಲರಿಗಿಂತ ಮೊದಲು ಪಕ್ಕದ ಮನೆಯವರು ಸಾಕು. ಮೊಬೈಲಿನಲ್ಲಿ ಪುಟ ತೆರೆದುಕೊಟ್ಟು, ‘ಈ ಕುರ್ತಿ ಬಿಗಿಯಾಯಿತು, ಕ್ಯಾಶ್ ಕೊಟ್ಟು ತಗೊಂಡಿದ್ದು, ಎಷ್ಟು ದುಡ್ಡು ಯಾವಾಗ ಬರುತ್ತೆ ಹೇಳಿ’ ಎಂದು ಕೇಳಬೇಕು. ಅವರು ಒಂದು ನಿಮಿಷದಲ್ಲಿ ಮೊತ್ತವನ್ನೂ ತಾರೀಖನ್ನೂ ಹೇಳಿದರೆ ಪುಟ ಸರಿಯಿದೆ. ಮೇಲೆ ಕೆಳಗೆ ಸರಿಸುತ್ತ ಹುಡುಕಿದರೆ, ಅವರ ಬೆರಳು ನಿಂತ ಜಾಗವನ್ನೇ ತಿದ್ದಬೇಕು. ಕನ್ನಡದಲ್ಲಿ ಮಾರುವ ಅಂಗಡಿ ಈ ಪುಟವನ್ನು ಮಾತ್ರ ಇಂಗ್ಲಿಷಿನಲ್ಲಿ ಬಿಡುವುದು ವಿಚಿತ್ರ. ಎರಡೂ ಭಾಷೆಯಲ್ಲಿ ಇಟ್ಟರೆ ಅಂಕಿಗಳು ಎರಡರಲ್ಲೂ ಒಂದೇ ಇವೆಯೇ ಎಂದು ಪ್ರತಿ ಸಲ ತಿದ್ದಿದಾಗಲೂ ನೋಡಬೇಕು. ಪುಟದ ತಲೆಯಲ್ಲಿ ಜಾರಿಗೆ ಬಂದ ತಾರೀಖು ಹಾಕಿ, ಹಳೆಯ ಪ್ರತಿಯನ್ನು ಅಳಿಸದೆ ಎತ್ತಿಟ್ಟುಕೊಳ್ಳಬೇಕು. ದೀಪಾವಳಿಯ ಸಮಯದಲ್ಲಿ 15 ದಿನವಿದ್ದ ಅವಧಿಯನ್ನು ಆಮೇಲೆ 7ಕ್ಕೆ ಇಳಿಸಿದರೂ, ದೀಪಾವಳಿಗೆ ಕೊಂಡವರಿಗೆ ಸಲ್ಲುವುದು ಆಗಿನ ಹದಿನೈದೇ.